ಚೊಚ್ಚಲ ಹೆರಿಗೆಯಲ್ಲಿ ಗಂಟೆ ಎಣಿಸುವುದು ಎಲ್ಲಿಂದ?

"ಸಿಸ್ಟರ್, ನೋವು ಶುರುವಾದ ಮೇಲೆ ಮಗು ಆಗೋಕೆ ಎಷ್ಟು ಹೊತ್ತು ಬೇಕು? ಒಂದು ದಿನ ಪೂರ್ತಿ ನೋವು ತಿಂದ್ರೂ ಆಗ್ಲಿಲ್ಲ ಅಂದ್ರೆ ಏನೋ ತೊಂದರೆ ಅಂತಾನಾ?"

ತೊಂದರೆ ಅಂತೇನಿಲ್ಲ. ಮನೆಯವರು ಮೊದಲ ನೋವಿನಿಂದ ಗಂಟೆ ಎಣಿಸುತ್ತಾರೆ. ಹೆರಿಗೆ ವಾರ್ಡಿನಲ್ಲಿ ನಾವು ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಾಗಿನಿಂದ ಎಣಿಸುತ್ತೇವೆ. ಅಲ್ಲಿಂದ 10 ಸೆಂ.ಮೀ. ಪೂರ್ತಿ ತೆರೆಯಲು ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆಯೊಳಗೆ, ಆಮೇಲೆ ಮಗು ಹೊರಬರಲು 3 ಗಂಟೆಯೊಳಗೆ, ಕೊನೆಗೆ ಕಸ, ಅಂದರೆ ಮಾಸು, ಬೀಳಲು ಅರ್ಧ ಗಂಟೆಯೊಳಗೆ. 5 ಸೆಂ.ಮೀ.ಗೆ ಮುಂಚಿನ ಅವಧಿಗೆ ಮಾತ್ರ ಇಷ್ಟೇ ಹೊತ್ತು ಅನ್ನುವ ಲೆಕ್ಕ ಇಲ್ಲ. ಒಬ್ಬರಿಗೆ ಆರು ಗಂಟೆ, ಇನ್ನೊಬ್ಬರಿಗೆ ಒಂದು ದಿನಕ್ಕಿಂತ ಹೆಚ್ಚೂ ಆಗಬಹುದು. ಹಿಂದೆ 4 ಸೆಂ.ಮೀ. ಆದಮೇಲೆ ಗಂಟೆಗೆ ಒಂದೊಂದು ಸೆಂ.ಮೀ. ತೆರೆಯಲೇಬೇಕು ಅಂತ ನಮಗೂ ಕಲಿಸಿದ್ದರು. ಎಷ್ಟೋ ಜನಕ್ಕೆ ಅದಕ್ಕಿಂತ ನಿಧಾನವಾಗಿ ತೆರೆದರೂ ಹೆರಿಗೆ ಸುಸೂತ್ರವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆ ಲೆಕ್ಕವನ್ನು ಬದಲಿಸಿತು.

ಹೊಟ್ಟೆಯೊಳಗೆ ನಡೆಯುವುದು ಏನು ಅಂತ ಗೊತ್ತಾದರೆ ಈ ನಿಧಾನ ಅರ್ಥವಾಗುತ್ತದೆ. ಗರ್ಭಕೋಶ ಅಂದರೆ ಒಂದು ದಪ್ಪ ಸ್ನಾಯುವಿನ ಚೀಲ. ನೋವು ಬಂದಾಗ ಅದರ ಮೇಲ್ಭಾಗದ ಸ್ನಾಯು ಬಿಗಿಯುತ್ತದೆ. ನೋವು ಬಿಟ್ಟಾಗ ಸಡಿಲವಾಗುತ್ತದೆ, ಆದರೆ ಮೊದಲಿನಷ್ಟು ಉದ್ದಕ್ಕೆ ವಾಪಸು ಹೋಗುವುದಿಲ್ಲ, ಚೂರು ಗಿಡ್ಡವಾಗಿಯೇ ಉಳಿಯುತ್ತದೆ. ಹೀಗೆ ನೋವಿಗೊಂದಿಷ್ಟು ಗಿಡ್ಡವಾಗುತ್ತಾ ಕೆಳಗಿನ ಬಾಯಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕತ್ತು ಬಿಗಿ ಇರುವ ಸ್ವೆಟರನ್ನು ಮಗುವಿನ ತಲೆಗೆ ಹಾಕುವಾಗ ಸ್ವಲ್ಪ ಸ್ವಲ್ಪವೇ ಎಳೆಯುತ್ತೀರಲ್ಲ, ಹಾಗೆ. ಚೊಚ್ಚಲಿಯ ಗರ್ಭಕೋಶದ ಬಾಯಿ ಮೂರು ಸೆಂ.ಮೀ.ಗೂ ಹೆಚ್ಚು ಉದ್ದವಾಗಿ, ಗಟ್ಟಿಯಾಗಿ ಇರುತ್ತದೆ. ಅದು ಮೊದಲು ಮೆತ್ತಗಾಗಬೇಕು, ಕಾಗದದಷ್ಟು ತೆಳ್ಳಗಾಗಬೇಕು, ತೆರೆಯುವುದು ಆಮೇಲೆ. ಆ ಹೊತ್ತಿನಲ್ಲಿ ಕೈ ಹಾಕಿ ನೋಡಿದವರು "2 ಸೆಂ.ಮೀ. ಅಷ್ಟೇ" ಅಂದರೆ ರಾತ್ರಿಯೆಲ್ಲ ಪಟ್ಟ ಪಾಡು ದಂಡವಾಯಿತು ಅಂತಲ್ಲ. ತೆಳ್ಳಗಾಗುವ ಕೆಲಸ ಸೆಂ.ಮೀ. ಲೆಕ್ಕದಲ್ಲಿ ಕಾಣುವುದಿಲ್ಲ.

ಶಿಡ್ಲಘಟ್ಟ ಕಡೆಯ ಒಬ್ಬ ಚೊಚ್ಚಲಿಯ ಹೆರಿಗೆಯನ್ನೇ ಹೇಳುತ್ತೇನೆ, ಯಾಕೆಂದರೆ ಅದು ತೀರಾ ಮಾಮೂಲಿ ಹೆರಿಗೆ. ರೇಷ್ಮೆ ಸಾಕುವ ಮನೆ. 39 ವಾರ ತುಂಬಿತ್ತು. ಸಂಜೆ 6ಕ್ಕೆ ಮನೆಯವರು ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಇವಳಿಗೆ ಸೊಂಟದಲ್ಲಿ ಹಿಡಿದಂತಾಗಿ ಹೊಟ್ಟೆಯ ಮುಂದಕ್ಕೆ ಬಂತು. ಅರ್ಧ ನಿಮಿಷ ಇದ್ದು ಹೋಯಿತು. ಮತ್ತೆ 20 ನಿಮಿಷಕ್ಕೆ ಇನ್ನೊಂದು. ಒಂಬತ್ತನೇ ತಿಂಗಳಲ್ಲಿ ಸುಳ್ಳು ನೋವೂ ಬರುತ್ತದೆ. ಅದು ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಗಂಟೆಗೆ ಅಂತ ಅಡ್ಡಾದಿಡ್ಡಿ ಬಂದು, ಸ್ವಲ್ಪ ಓಡಾಡಿದರೆ ಅಥವಾ ಮಲಗಿದರೆ ನಿಂತು ಹೋಗುತ್ತದೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಹತ್ತಿರ ಹತ್ತಿರವಾಗುತ್ತದೆ, ಹೆಚ್ಚು ಹೊತ್ತು ಇರುತ್ತದೆ, ಜೋರಾಗುತ್ತದೆ. ಇವಳಿಗೆ ರಾತ್ರಿ 11ರ ಹೊತ್ತಿಗೆ ರಕ್ತದ ಎಳೆ ಬೆರೆತ ಅಂಟು ಲೋಳೆ ಹೋಯಿತು. ಅತ್ತೆ ಗಾಬರಿಯಾಗಿ 108ಕ್ಕೆ ಫೋನ್ ಮಾಡಿಸಿದರು. ಲೋಳೆ ಹೋಯಿತು ಅಂದಮಾತ್ರಕ್ಕೆ ಓಡಿ ಬರಬೇಕಿಲ್ಲ. ನೋವು 5 ನಿಮಿಷಕ್ಕೊಂದರಂತೆ, ಒಂದೊಂದು ಸುಮಾರು ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದರೆ ಹೊರಡುವ ಹೊತ್ತು. ಊರು ದೂರವಿದ್ದರೆ, ರಾತ್ರಿ ಗಾಡಿ ಸಿಗದ ಕಡೆ ಇದ್ದರೆ ಸ್ವಲ್ಪ ಮುಂಚೆಯೇ ಹೊರಡಿ. ಹಾಗೆ ನೋಡಿದರೆ ಆ ಅತ್ತೆ ಮಾಡಿದ್ದು ತಪ್ಪೇನಲ್ಲ.

ನೋವಿಗೆ ಕಾಯದೆ ತಕ್ಷಣ ಬರಬೇಕಾದ ಸಂದರ್ಭಗಳು ಬೇರೆ. ನೀರು ಹೋದರೆ ನೋವಿರಲಿ ಬಿಡಲಿ ಬನ್ನಿ, ಅದರ ಬಣ್ಣ ನೋಡಿಕೊಂಡು ಬನ್ನಿ. ಹಸಿರು ಅಥವಾ ಕಂದು ಬಣ್ಣ ಇದ್ದರೆ ಮಗು ಒಳಗೇ ಕಕ್ಕ ಮಾಡಿದೆ ಅಂತ, ಬಂದ ತಕ್ಷಣ ಹೇಳಿ. ಮುಟ್ಟಿನ ಹಾಗೆ ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, 37 ವಾರಕ್ಕೆ ಮೊದಲೇ ನೋವು ಬಂದರೆ ಮನೆಯಲ್ಲಿ ಒಂದು ಗಳಿಗೆಯೂ ಕೂರಬೇಡಿ. ತಾಯಿ ಕಾರ್ಡ್ ಮರೆಯಬೇಡಿ. ಹಿಮೋಗ್ಲೋಬಿನ್, ಬಿಪಿ, ರಕ್ತದ ಗುಂಪು ಎಲ್ಲ ಅದರಲ್ಲೇ ಇರುತ್ತದೆ.

ಅವಳು ಬಂದಾಗ ರಾತ್ರಿ 1 ಗಂಟೆ, ಬಾಯಿ 2 ಸೆಂ.ಮೀ. ಬಿಪಿ ಸರಿಯಿತ್ತು. ಮಗುವಿನ ಎದೆಬಡಿತ 140, ಅದು 110ರಿಂದ 160ರೊಳಗೆ ಇರಬೇಕು. ಗಂಜಿ ಕುಡಿಸಿ, ಎಡಕ್ಕೆ ಹೊರಳಿ ಮಲಗಲು ಹೇಳಿದೆವು. ಬೆಳಗ್ಗೆ 8ಕ್ಕೆ 4 ಸೆಂ.ಮೀ. ಆಗ ಗಂಡನ ಮನೆಯವರೆಲ್ಲ ಬಾಗಿಲಲ್ಲಿ ನಿಂತರು. "ನಿನ್ನೆ ಸಂಜೆಯಿಂದ ನೋವು ತಿಂತಾವ್ಳೆ, ಒಂದು ನೋವಿನ ಇಂಜೆಕ್ಷನ್ನಾದ್ರೂ ಕೊಡ್ರಮ್ಮ." ಇದು ದಿನಕ್ಕೊಮ್ಮೆ ಕೇಳುವ ಮಾತು. ಅದು ನೋವು ಕಡಿಮೆ ಮಾಡುವುದಲ್ಲ, ಹೆರಿಗೆ ನೋವು ಹೆಚ್ಚಿಸುವ ಔಷಧಿ, ಆಕ್ಸಿಟೋಸಿನ್. ಅಗತ್ಯವಿದ್ದರೆ ಡಾಕ್ಟರು ಡ್ರಿಪ್‌ನಲ್ಲಿ ಹನಿ ಲೆಕ್ಕ ಹಾಕಿ ಕೊಡುತ್ತಾರೆ, ಹೆಚ್ಚಾದರೆ ನಿಲ್ಲಿಸುತ್ತಾರೆ. ಮಗು ಒಳಗಿರುವಾಗ ಅದನ್ನೇ ಸೊಂಟಕ್ಕೆ ಚುಚ್ಚಿದರೆ ನಿಲ್ಲಿಸುವ ದಾರಿ ಇಲ್ಲ. ಗರ್ಭಕೋಶ ಬಿಗಿದುಕೊಂಡೇ ಇದ್ದು ಮಗುವಿಗೆ ಉಸಿರು ಕಟ್ಟುತ್ತದೆ, ಕೆಲವೊಮ್ಮೆ ಗರ್ಭಕೋಶವೇ ಹರಿಯುತ್ತದೆ. ಊರಲ್ಲಿ ಯಾರಾದರೂ "ಬೇಗ ಆಗಲಿ" ಅಂತ ಚುಚ್ಚಲು ಬಂದರೆ ಬೇಡ ಅನ್ನಿ. ಹರಳೆಣ್ಣೆ ಕುಡಿಸುವುದೂ ಬೇಡ, ವಾಂತಿ ಭೇದಿಯಲ್ಲಿ ಸುಸ್ತಾಗುವುದೇ ಜಾಸ್ತಿ.

ಮಧ್ಯಾಹ್ನ 12ಕ್ಕೆ 6 ಸೆಂ.ಮೀ. ನಮ್ಮ ಗಡಿಯಾರ ಓಡಲು ಶುರುವಾಗಿದ್ದು ಆಗ. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು, ಒಂದೊಂದು 40–50 ಸೆಕೆಂಡು. ನೋವು ಬಂದಾಗ ನಾವು ಹೊಟ್ಟೆ ಮೇಲೆ ಕೈ ಇಟ್ಟು ಗಡಿಯಾರ ನೋಡುತ್ತೇವಲ್ಲ, ಅದು ಇದಕ್ಕೇ. ಬೆರಳಿಂದ ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಬೇಕು, ನಡುವೆ ಪೂರ್ತಿ ಮೆತ್ತಗಾಗಬೇಕು. ಆ ಬಿಡುವಿನಲ್ಲೇ ಮಗುವಿಗೆ ರಕ್ತ ಸರಿಯಾಗಿ ಹರಿಯುವುದು. ಅರ್ಧ ಗಂಟೆಗೊಮ್ಮೆ ಮಗುವಿನ ಬಡಿತ ಕೇಳುತ್ತೇವೆ, ನಾಲ್ಕು ಗಂಟೆಗೊಮ್ಮೆ ಒಳಗೆ ನೋಡುತ್ತೇವೆ. ಪದೇ ಪದೇ ಕೈ ಹಾಕಿ ನೋಡಿದರೆ ಸೋಂಕು ತಗಲುತ್ತದೆಯೇ ಹೊರತು ಬೇಗ ತೆರೆಯುವುದಿಲ್ಲ. ಅವಳು ಅಮ್ಮನ ಹೆಗಲು ಹಿಡಿದು ವರಾಂಡದಲ್ಲಿ ಓಡಾಡಿದಳು, ಅದು ಒಳ್ಳೆಯದು. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ ಬರಬೇಕು ಅನ್ನುವುದನ್ನು ಮಾತ್ರ ನಾವು ನೆನಪಿಸುತ್ತಲೇ ಇರಬೇಕಾಯಿತು.

ಮೂರು ಗಂಟೆಗೆ ನೀರು ಹೋಯಿತು, ತಿಳಿಯಾಗಿತ್ತು. ನಾಲ್ಕಕ್ಕೆ 9 ಸೆಂ.ಮೀ. ಈ 8ರಿಂದ 10ರ ನಡುವಿನ ಹೊತ್ತು ಎಲ್ಲರೂ ಸೋಲುವ ಹೊತ್ತು. ಕಾಲು ನಡುಗುತ್ತದೆ, ವಾಂತಿಯಾಗುತ್ತದೆ. "ನನ್ ಕೈಲಾಗಲ್ಲಕ್ಕ, ಆಪರೇಷನ್ ಮಾಡ್ಬಿಡಿ" ಅಂತ ಅವಳು ನನ್ನ ಕೈ ಹಿಡಿದುಕೊಂಡಳು. ಈ ಮಾತು ಕೇಳಿದರೆ ನಾನು ಹೆರಿಗೆ ಟ್ರೇ ಸಿದ್ಧ ಮಾಡಿಕೊಳ್ಳುತ್ತೇನೆ, ಯಾಕೆಂದರೆ ಇದು ಮುಗಿಯುತ್ತಾ ಬಂದಿರುವ ಲಕ್ಷಣ. ಇದೇ ಹೊತ್ತಿಗೆ ಕಕ್ಕಸಿಗೆ ಹೋಗಬೇಕು ಅನ್ನಿಸುತ್ತದೆ. ಮಗುವಿನ ತಲೆ ಹಿಂದಕ್ಕೆ ಒತ್ತುವುದರಿಂದ ಹಾಗಾಗುತ್ತದೆ. ಒಬ್ಬರೇ ಎದ್ದು ಹೋಗದೆ ಸಿಸ್ಟರ್‌ಗೆ ಹೇಳಿ.

ಐದಕ್ಕೆ 10 ಸೆಂ.ಮೀ. ಪೂರ್ತಿ ತೆರೆದಿತ್ತು. ಪೂರ್ತಿ ತೆರೆಯುವ ಮೊದಲೇ ಮುಕ್ಕಿದರೆ ಬಾಯಿ ಊದಿಕೊಂಡು ಇನ್ನೂ ತಡವಾಗುತ್ತದೆ. ತೆರೆದ ಮೇಲೂ ತಾನಾಗಿ ಮುಕ್ಕು ಬರುವವರೆಗೆ ಕಾಯಬಹುದು. ಅವಳಿಗೆ ಐದೂವರೆಗೆ ಬಂತು. ನೋವು ಬಂದಾಗ ಮಾತ್ರ ಕೆಳಕ್ಕೆ ಮುಕ್ಕು, ಬಿಟ್ಟಾಗ ಮೈ ಸಡಿಲ ಬಿಡು. ಕತ್ತಿನಲ್ಲಿ ಕಿರುಚಿದರೆ ಶಕ್ತಿ ಮೇಲಕ್ಕೆ ಹೋಗುತ್ತದೆ ಅಷ್ಟೆ. ಈಗ ಐದು ನಿಮಿಷಕ್ಕೊಮ್ಮೆ ಮಗುವಿನ ಬಡಿತ ಕೇಳುತ್ತೇವೆ. ಹೊಟ್ಟೆಯನ್ನು ಮೇಲಿಂದ ಯಾರೂ ಅದುಮಬಾರದು, ಅದು ಜೊತೆಗೆ ಬಂದವರಾಗಲಿ ಆಯಾ ಆಗಲಿ. ತಲೆ ಕಾಣಿಸಿ ಉರಿ ಹತ್ತಿದಾಗ ಮುಕ್ಕುವುದನ್ನು ನಿಲ್ಲಿಸಿ ಬಾಯಿಂದ ಉಫ್ ಉಫ್ ಅಂತ ಊದಬೇಕು. ಆಗ ತಲೆ ನಿಧಾನವಾಗಿ ಬರುತ್ತದೆ, ಹರಿಯುವುದು ಕಡಿಮೆ. ಎಲ್ಲರಿಗೂ ಕತ್ತರಿ ಹಾಕಿಯೇ ಹಾಕುತ್ತೇವೆ ಅನ್ನುವುದು ನಿಜವಲ್ಲ. 6.20ಕ್ಕೆ ಹೆಣ್ಣು ಮಗು, ಒರೆಸಿ ಅಮ್ಮನ ಎದೆ ಮೇಲೆ ಹಾಕಿದೆವು.

ಇಲ್ಲಿಗೆ ಹೊರಗಿನವರು ಹೆರಿಗೆ ಮುಗಿಯಿತು ಅಂದುಕೊಂಡು ಫೋನ್ ಮಾಡಲು ಹೋಗುತ್ತಾರೆ. ನನಗೆ ನಿಜವಾದ ಭಯ ಇರುವುದು ಇನ್ನು ಮುಂದೆ. ಗಿಡ್ಡವಾಗುತ್ತಾ ಬಂದ ಅದೇ ಸ್ನಾಯು ಈಗ ಒಮ್ಮೆಲೇ ಕುಗ್ಗುತ್ತದೆ. ಕಸ ಅಂಟಿಕೊಂಡ ಜಾಗ ಚಿಕ್ಕದಾಗುತ್ತದೆ, ಕಸ ಕುಗ್ಗುವುದಿಲ್ಲ, ಹಾಗಾಗಿ ಕಿತ್ತುಕೊಳ್ಳುತ್ತದೆ. ಕಿತ್ತ ಜಾಗದಲ್ಲಿ ಬಾಯಿ ತೆರೆದುಕೊಂಡ ರಕ್ತನಾಳಗಳನ್ನು ಹಿಂಡಿ ಮುಚ್ಚುವುದೂ ಆ ಸ್ನಾಯುವೇ. ಅದು ಮೆತ್ತಗೆ ಉಳಿದರೆ ನಿಮಿಷಗಳಲ್ಲಿ ಸೀರೆ ನೆನೆಯುವಷ್ಟು ರಕ್ತ ಹೋಗುತ್ತದೆ. ಅದಕ್ಕೇ ಮಗು ಹುಟ್ಟಿ ಒಂದು ನಿಮಿಷದೊಳಗೆ, ಒಳಗೆ ಇನ್ನೊಂದು ಮಗು ಇಲ್ಲ ಅಂತ ಖಚಿತ ಮಾಡಿಕೊಂಡು, ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತೇವೆ. ಬೆಳಗ್ಗೆ ಬೇಡ ಅಂದ ಔಷಧಿಯೇ ಈಗ ಬೇಕು. ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುತ್ತೇವೆ, ಅಷ್ಟರಲ್ಲಿ ಇನ್ನಷ್ಟು ರಕ್ತ ಮಗುವಿಗೆ ಇಳಿಯುತ್ತದೆ.

ಕಸ ಬಿಟ್ಟಿತು ಅಂತ ತಿಳಿಯುವುದು ಹೀಗೆ: ಒಂದಿಷ್ಟು ರಕ್ತ ಒಮ್ಮೆಲೇ ಬರುತ್ತದೆ, ಹೊರಗಿನ ಬಳ್ಳಿ ಉದ್ದವಾಗುತ್ತದೆ, ಗರ್ಭಕೋಶ ಗುಂಡಗೆ ಗಟ್ಟಿಯಾಗಿ ಮೇಲೇಳುತ್ತದೆ. ಆಗ ಒಂದು ಕೈಯಲ್ಲಿ ಗರ್ಭಕೋಶವನ್ನು ಮೇಲಕ್ಕೆ ತಡೆದು ಹಿಡಿದು ಇನ್ನೊಂದರಲ್ಲಿ ಬಳ್ಳಿಯನ್ನು ಮೆಲ್ಲಗೆ ಎಳೆಯುತ್ತೇವೆ. ತಡೆಯದೆ ಜಗ್ಗಿದರೆ ಬಳ್ಳಿ ತುಂಡಾಗಬಹುದು, ಗರ್ಭಕೋಶವೇ ಮಗುಚಿ ಹೊರಬರಬಹುದು. ಇವಳದು ಹತ್ತು ನಿಮಿಷಕ್ಕೆ ಬಿತ್ತು. ಅದನ್ನು ಟ್ರೇಯಲ್ಲಿ ಹರಡಿ, ಎಲ್ಲ ಹಾಲೆಗಳೂ ಒಂದಕ್ಕೊಂದು ಕೂಡುತ್ತವೆಯಾ, ಪೊರೆ ಪೂರ್ತಿ ಇದೆಯಾ ಅಂತ ನೋಡಿದೆವು. ಬೆರಳಗಲದ ಚೂರು ಒಳಗುಳಿದರೂ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ.

ಆಮೇಲಿನ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡುತ್ತೇವೆ, ಬಿಪಿ ನೋಡುತ್ತೇವೆ, ನಿದ್ದೆ ಬಂದಿದ್ದರೂ ಎಬ್ಬಿಸುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಹೊಕ್ಕುಳ ಹತ್ತಿರ ಗಟ್ಟಿ ಉಂಡೆ ಕೈಗೆ ಸಿಗಬೇಕು. ನೀವೂ ಮುಟ್ಟಿ ನೋಡಬಹುದು. ಮಗು ಮೊಲೆ ಚೀಪಿದಾಗ ಕಿಬ್ಬೊಟ್ಟೆ ಹಿಂಡಿದರೆ ಅದು ಒಳ್ಳೆಯ ನೋವು. ಮೂತ್ರ ಕಟ್ಟಿಕೊಂಡಿದ್ದರೆ ತುಂಬಿದ ಚೀಲ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ, ಹೋಗಿ ಬನ್ನಿ. ಉಂಡೆ ಮೆತ್ತಗಾದರೆ, ಕೆಳಗೆ ಬಿಸಿಯಾಗಿ ಹರಿಯುತ್ತಿದೆ ಅನ್ನಿಸಿದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಸಂಕೋಚಪಡದೆ ಜೋರಾಗಿ ಕೂಗಿ. ಆ ಹೊತ್ತಿಗೆ ಅಮ್ಮನೋ ಅತ್ತೆಯೋ ಒಬ್ಬರು ಮಂಚದ ಪಕ್ಕದಲ್ಲೇ ಇರಲಿ, ಮಗು ನೋಡಲು ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದು ಬೇಡ.