ಸಂದರ್ಶನದ ದಿನ ಬದಲಿಸಲು ಬರೆದ ಪತ್ರ

ದಾವಣಗೆರೆ, 17 ಜೂನ್ 2025, ಮಂಗಳವಾರ, ರಾತ್ರಿ

ಶುಕ್ರವಾರ 20ರ ಬೆಳಿಗ್ಗೆ 11 ಗಂಟೆಗೆ ನನ್ನ ಸಂದರ್ಶನ ನಿಗದಿಯಾಗಿತ್ತು. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಹುದ್ದೆ, ವಿಡಿಯೊ ಕರೆಯ ಮೂಲಕ 45 ನಿಮಿಷ. ನಾನು ಒಪ್ಪಿಗೆ ತಿಳಿಸಿ ನಾಲ್ಕು ದಿನಗಳಾಗಿದ್ದವು. ಇಂದು ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಈಗ ಕೆಲಸ ಮಾಡುವ ಅಕ್ಕಿ ಗಿರಣಿಯ ಮಾಲೀಕರು ಕರೆದು, ನಾಳೆ ಬರಬೇಕಿದ್ದ ಬ್ಯಾಂಕಿನ ದಾಸ್ತಾನು ಪರಿಶೋಧಕರು ಶುಕ್ರವಾರ ಬರುತ್ತಾರೆಂದು ಹೇಳಿದರು. ಬೇಸಿಗೆ ಭತ್ತದ ಕೊಯ್ಲು ಮುಗಿದು ಗೋದಾಮು ತುಂಬಿರುವ ಸಮಯವಿದು. ಭತ್ತ, ಅಕ್ಕಿ, ನುಚ್ಚು, ತವಡು ಇವುಗಳ ಚೀಲಗಳನ್ನು ಎಣಿಸಿ ನಮ್ಮ ರಿಜಿಸ್ಟರಿನೊಡನೆ ತಾಳೆ ನೋಡುವಾಗ, ಆ ರಿಜಿಸ್ಟರನ್ನು ಬರೆಯುವ ನಾನು ಪಕ್ಕದಲ್ಲಿ ಇರಲೇಬೇಕು.

ಪತ್ರ ಬರೆಯುವ ಮೊದಲು ಇದು ನಿಜವಾಗಿಯೂ ತಪ್ಪಿಸಲಾಗದ ಅಡಚಣೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಗಿರಣಿಯ ಮೇ ತಿಂಗಳ ಜಿಎಸ್‌ಟಿ ತೆರಿಗೆಯ ವಿವರವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೂಡ ಅದೇ 20 ಕೊನೆಯ ದಿನ. ಆದರೆ ಅದನ್ನು ಗುರುವಾರವೇ ಮುಗಿಸಬಹುದಾದ್ದರಿಂದ, ಬರೀ ಅದೊಂದೇ ಆಗಿದ್ದರೆ ಸಂದರ್ಶನವನ್ನು ಮುಂದೂಡಲು ಕೇಳುವುದು ಸರಿಯಾಗುತ್ತಿರಲಿಲ್ಲ. ಪರಿಶೋಧನೆಯ ದಿನವನ್ನು ಗೊತ್ತುಮಾಡುವವರು ಹೊರಗಿನವರು. ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ, ಮಾಲೀಕರ ಕೈಯಲ್ಲೂ ಇಲ್ಲ.

ಸಂಜೆ ಮನೆಗೆ ಬಂದೊಡನೆ, ಕಚೇರಿಯ ಕಂಪ್ಯೂಟರಿನಲ್ಲಲ್ಲದೆ ನನ್ನ ಫೋನಿನಲ್ಲಿಯೇ, ಒಂದು ಕರಡು ಬರೆದೆ. ಅದರಲ್ಲಿ ಬ್ಯಾಂಕಿನ ವಿಷಯ, ಗೋದಾಮಿನ ವಿಷಯ, ಪರಿಶೋಧಕರು ದಿನ ಬದಲಿಸಿದ ವಿಷಯ ಎಲ್ಲವೂ ಇದ್ದು, ಕೊನೆಯಲ್ಲಿ ‘ಮುಂದಿನ ವಾರ ಯಾವ ದಿನವಾದರೂ ನನಗೆ ಅನುಕೂಲ’ ಎಂದಿತ್ತು. ಅದನ್ನು ದೊಡ್ಡಮ್ಮನ ಮಗಳಿಗೆ ಕಳಿಸಿದೆ. ಅಕ್ಕ ಬೆಂಗಳೂರಿನಲ್ಲಿ ನೇಮಕಾತಿಯ ಕೆಲಸವನ್ನೇ ಮಾಡುವವಳು. ಓದಿದ ಕೂಡಲೇ ಫೋನ್ ಮಾಡಿ, “ಯಾವ ದಿನವಾದರೂ ಸರಿ ಅಂದರೆ ನನಗೆ ಏನೂ ಹೇಳಿದ ಹಾಗಾಗಲಿಲ್ಲಮ್ಮ. ಮೂರು ಜನರ ಬಿಡುವು ಹೊಂದಿಸಿ ನಾನೊಂದು ಸಮಯ ಹೇಳುತ್ತೇನೆ, ಆಗ ನೀನು ಅಂದು ಆಗುವುದಿಲ್ಲ ಅನ್ನುತ್ತೀಯ. ನೀನೇ ಮೂರು ಸಮಯ ಕೊಟ್ಟರೆ ಒಂದೇ ಉತ್ತರದಲ್ಲಿ ಮುಗಿಯುತ್ತದೆ” ಎಂದಳು. ಕಾರಣವನ್ನು ಒಂದೇ ವಾಕ್ಯಕ್ಕೆ ಇಳಿಸು ಎಂದೂ ಹೇಳಿದಳು. ಈ ಮಾತು ನನಗೆ ಬಹಳ ಸರಿಯೆನಿಸಿತು; ಏಕೆಂದರೆ ಗಿರಣಿಯ ಸಾಲದ ಖಾತೆಯ ಸಂಗತಿ ಹೊರಗಿನವರಿಗೆ ತಿಳಿಯಬೇಕಾದದ್ದಲ್ಲ, ಮತ್ತು ಈಗಿನ ಮಾಲೀಕರ ಲೆಕ್ಕವನ್ನು ಬಯಲಿಗಿಡುವವಳನ್ನು ಲೆಕ್ಕಪತ್ರದ ಹುದ್ದೆಗೆ ಯಾರು ನಂಬಿಯಾರು? ಮೈಗೆ ಹುಷಾರಿಲ್ಲ ಎಂದು ಬರೆದುಬಿಡು ಎಂದು ಮನೆಯಲ್ಲಿ ಸಲಹೆ ಬಂತು. ನಾನು ಒಪ್ಪಲಿಲ್ಲ. ನಿಜವಾದ ಕಾರಣವೇ ಗೌರವವಾದದ್ದಾಗಿರುವಾಗ ಸುಳ್ಳಿನ ಅಗತ್ಯವೇನಿದೆ?

ಹೆಚ್ಚು ಹೊತ್ತು ಹಿಡಿದದ್ದು ಆ ಮೂರು ಸಮಯಗಳನ್ನು ಆರಿಸುವ ಕೆಲಸ. ಒಮ್ಮೆ ದಿನ ಬದಲಿಸಲು ಕೇಳಿದರೆ ಒಪ್ಪುವವರು ಎರಡನೆಯ ಸಲ ಕೇಳಿದರೆ ಅಭ್ಯರ್ಥಿಗೆ ಆಸಕ್ತಿಯಿಲ್ಲವೆಂದು ತಿಳಿಯುತ್ತಾರೆ. ಆದ್ದರಿಂದ ನಾನು ಕೊಡುವ ಪ್ರತಿಯೊಂದು ಸಮಯವೂ ಕೆಡದೆ ನಿಲ್ಲಬೇಕು. ಶನಿವಾರ ಬಿಡುವಿದೆಯೆಂದು ಮೊದಲು ಅನಿಸಿತು, ಆದರೆ ಚೀಲಗಳ ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಪರಿಶೋಧನೆ ಮರುದಿನಕ್ಕೂ ಮುಂದುವರಿಯುವುದುಂಟು, ಅದನ್ನು ಬಿಟ್ಟೆ. ಸೋಮವಾರ ಬೆಳಿಗ್ಗೆ ಪರಿಶೋಧಕರು ಕೇಳಿದ ಕಾಗದಗಳನ್ನು ಕಳಿಸಬೇಕಾಗಬಹುದು. ಆದರೆ ಕೆಲಸ ಐದಕ್ಕೆ ಮುಗಿಯುತ್ತದೆ, ಗಿರಣಿಯಿಂದ ವಿದ್ಯಾನಗರದ ಮನೆಗೆ ಬರಲು ಇಪ್ಪತ್ತು ನಿಮಿಷ ಸಾಕು. ಹಾಗಾಗಿ ಸಂಜೆ ಐದೂವರೆ ನಿಲ್ಲುತ್ತದೆ. ಮಂಗಳವಾರ ಗಿರಣಿಯ ಕಚೇರಿ ತೆರೆಯುವ ಮುಂಚಿನ ಒಂದು ಗಂಟೆ ನನ್ನದೇ. ಸಂದರ್ಶಕರಿಗೆ ಬೇಗಿನದೂ ತಡವಾದದ್ದೂ ಆಗದಿದ್ದರೆ ಹಗಲಿನ ಸಮಯವೊಂದು ಬೇಕಲ್ಲವೆ ಎಂದುಕೊಂಡು, ಬುಧವಾರ ಮಧ್ಯಾಹ್ನಕ್ಕೆ ಅರ್ಧ ದಿನದ ರಜೆಯನ್ನು ಮೊದಲು ಫೋನಿನಲ್ಲಿ ಕೇಳಿ, ಮಾಲೀಕರು ಒಪ್ಪಿದ ಮೇಲೆಯೇ ಅದನ್ನು ಸೇರಿಸಿದೆ.

ಪತ್ರವನ್ನು ಇಂಗ್ಲಿಷಿನಲ್ಲಿ ಬರೆದೆ. ಅದರ ಒಕ್ಕಣೆ ಕನ್ನಡದಲ್ಲಿ ಹೀಗಾಗುತ್ತದೆ:

“ಮಾನ್ಯರೆ, ಜೂನ್ 20, ಶುಕ್ರವಾರ ಬೆಳಿಗ್ಗೆ 11ಕ್ಕೆ ನಿಗದಿಯಾಗಿರುವ ನನ್ನ ಸಂದರ್ಶನವನ್ನು ಮುಂದಿನ ವಾರಕ್ಕೆ ಬದಲಿಸಿಕೊಡಬೇಕೆಂದು ಕೋರುತ್ತೇನೆ. ನನ್ನ ಈಗಿನ ಕೆಲಸದಲ್ಲಿ ನಾನು ಖುದ್ದಾಗಿ ಹಾಜರಿರಬೇಕಾದ ಪರಿಶೋಧನೆಯೊಂದು ಅದೇ ದಿನಕ್ಕೆ ಬದಲಾಗಿದೆಯೆಂದು ಇಂದು ಮಧ್ಯಾಹ್ನ ತಿಳಿಯಿತು. ಈ ಕೆಳಗಿನ ಯಾವ ಸಮಯದಲ್ಲಾದರೂ ನಾನು ಲಭ್ಯಳಿದ್ದೇನೆ:
ಸೋಮವಾರ, ಜೂನ್ 23, ಸಂಜೆ 5.30ರಿಂದ 6.30
ಮಂಗಳವಾರ, ಜೂನ್ 24, ಬೆಳಿಗ್ಗೆ 9.00ರಿಂದ 10.00
ಬುಧವಾರ, ಜೂನ್ 25, ಮಧ್ಯಾಹ್ನ 2.00ರಿಂದ 5.00
ಇವು ಯಾವುವೂ ಹೊಂದದಿದ್ದರೆ ತಮಗೆ ಅನುಕೂಲವಾದ ಸಮಯವನ್ನು ತಿಳಿಸಿ, ಹೊಂದಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ಈ ಹುದ್ದೆಯ ಬಗ್ಗೆ ನನ್ನ ಆಸಕ್ತಿ ಮೊದಲಿನಂತೆಯೇ ಇದೆ. ತಮಗಾದ ತೊಂದರೆಗೆ ಕ್ಷಮೆ ಕೋರುತ್ತೇನೆ.”

ಕೆಳಗೆ ಹೆಸರು ಮತ್ತು ಫೋನ್ ಸಂಖ್ಯೆ ಹಾಕಿದೆ. ವಾರದ ಹೆಸರು ಮತ್ತು ದಿನಾಂಕ ಎರಡನ್ನೂ ಬರೆದದ್ದು, ಒಂದರಲ್ಲಿ ತಪ್ಪಿದ್ದರೆ ಇನ್ನೊಂದರಿಂದ ಅದು ಗೊತ್ತಾಗಲೆಂದು. ಹಾಗೆಯೇ ಆಯಿತು: ಕರಡಿನಲ್ಲಿ ನಾನು ಮಂಗಳವಾರದ ಮುಂದೆ 25 ಎಂದು ಬರೆದಿದ್ದೆ, ಕಳಿಸುವ ಮುನ್ನ ಗೋಡೆಯ ಪಂಚಾಂಗದ ಜೊತೆ ಹೋಲಿಸುವಾಗ ಕಣ್ಣಿಗೆ ಬಿತ್ತು.

ವಿಷಯದ ಸಾಲನ್ನು ಬದಲಿಸಬೇಕೆಂದುಕೊಂಡಿದ್ದೆ. ಆದರೆ ಜಿಮೇಲ್‌ನಲ್ಲಿ ಉತ್ತರದ ವಿಷಯವನ್ನು ತಿದ್ದಿದರೆ ಅದು ಹಳೆಯ ಮಾತುಕತೆಯಿಂದ ಬೇರೆಯಾಗಿ ಹೊಸದಾಗಿ ನಿಲ್ಲುತ್ತದೆ, ಆಗ ಓದುವವರು ಹಿಂದಿನ ದಿನಾಂಕವನ್ನು ಹುಡುಕಬೇಕಾಗುತ್ತದೆ. ಅದಕ್ಕಾಗಿ ಹಳೆಯ ಪತ್ರಕ್ಕೇ ಉತ್ತರವಾಗಿ ಕಳಿಸಿದೆ. ಕೋರಿಕೆಯನ್ನು ಮೊದಲ ವಾಕ್ಯದಲ್ಲಿಯೇ ಇಟ್ಟಿದ್ದು ಈ ಕಾರಣಕ್ಕೆ. ಪ್ರತಿ ಹೋಗಬೇಕಾದವರಲ್ಲಿ ವಿಭಾಗದ ಮುಖ್ಯಸ್ಥರ ಹೆಸರೂ ಇದ್ದುದರಿಂದ ಎಲ್ಲರಿಗೂ ಉತ್ತರಿಸಿದೆ, ಇಲ್ಲವಾದರೆ ಅವರು ಶುಕ್ರವಾರ ಖಾಲಿ ಪರದೆಯ ಮುಂದೆ ಕಾಯುವಂತಾಗುತ್ತಿತ್ತು. ಕ್ಯಾಲೆಂಡರಿನ ಹಳೆಯ ಆಹ್ವಾನವನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ‘ಇಲ್ಲ’ ಎಂದು ಒತ್ತಿದರೆ ನಿರಾಕರಣೆಯ ಸೂಚನೆ ಅವರಿಗೆ ತಾನಾಗಿ ಹೋಗುತ್ತದೆ, ಪತ್ರವನ್ನು ಓದುವ ಮೊದಲೇ ಅದು ಕಂಡರೆ ನಾನು ಹುದ್ದೆಯನ್ನೇ ಬೇಡವೆಂದೆನೆಂದು ಅರ್ಥವಾದೀತು.

ಏಳು ಗಂಟೆಗೆ ಪತ್ರ ಹೋಯಿತು. ಮೂರೂ ಸಮಯಗಳನ್ನು ನನ್ನ ಫೋನಿನಲ್ಲಿ ಗುರುತು ಹಾಕಿ ಕಾಯ್ದಿರಿಸಿದ್ದೇನೆ. ನಾಳೆ ಸಂಜೆಯವರೆಗೆ ಉತ್ತರ ಬರದಿದ್ದರೆ ಗುರುವಾರ ಬೆಳಿಗ್ಗೆ ಫೋನ್ ಮಾಡಬೇಕು. ಉತ್ತರ ಬಂದಿಲ್ಲವೆಂದರೆ ಶುಕ್ರವಾರದ ಸಂದರ್ಶನ ರದ್ದಾಗಿದೆಯೆಂದು ಭಾವಿಸುವ ಹಾಗಿಲ್ಲ.

18 ಜೂನ್, ಬುಧವಾರ

ಹತ್ತೂವರೆಗೆ ಉತ್ತರ ಬಂತು: ಮಂಗಳವಾರ ಬೆಳಿಗ್ಗೆ 9. ಜೊತೆಗೆ ಹೊಸ ಆಹ್ವಾನವೂ ಬಂದಿದೆ, ಅದರಲ್ಲಿನ ಲಿಂಕ್ ಹಳೆಯದಲ್ಲ. ಊಟದ ಬಿಡುವಿನಲ್ಲಿ ಅದನ್ನು ಒಪ್ಪಿಕೊಂಡು, ದಿನ ಮತ್ತು ಗಂಟೆಯನ್ನು ಮತ್ತೊಮ್ಮೆ ಬರೆದು, ಒಂದು ಸಾಲಿನ ಧನ್ಯವಾದ ಕಳಿಸಿದೆ. ಬುಧವಾರದ ಅರ್ಧ ದಿನದ ರಜೆ ಇನ್ನು ಬೇಡವೆಂದು ಸಂಜೆ ಮಾಲೀಕರಿಗೆ ಹೇಳಿದ್ದೇನೆ. ಈಗ ಶುಕ್ರವಾರಕ್ಕಾಗಿ ತವಡಿನ ಚೀಲಗಳ ಲೆಕ್ಕ ನೋಡಲು ಕೂರಬೇಕು.