ಸ್ಲೈಡ್ 7, ಹನ್ನೊಂದನೇ ಸಲ

ಕೊನೆಗೂ ನನ್ನ ಸಂಶೋಧನಾ ಪ್ರಸ್ತಾವದ ಟೈಮ್‌ಲೈನ್ ಸ್ಲೈಡ್ ಮಾತು ಕೇಳಿತು. ಮೂರು ವಾರ ಆಟ ಆಡಿಸಿತ್ತು. ಹಿನ್ನೆಲೆ, ಹಿಂದಿನವರ ಕೆಲಸ, ಬಜೆಟ್ ಸ್ಲೈಡ್‌ಗಳು ಎಂದಿನ ಹಾಗೆ ಆಗಿವೆ. ಅವುಗಳ ಬಗ್ಗೆ ಬರೆದರೆ ನನಗೇ ನಿದ್ದೆ ಬರುತ್ತದೆ.

ನನ್ನ ಮಾಸ್ಟರ್ಸ್ ವಿಷಯ ಮಣ್ಣಿನ ತೇವ ಅಳೆಯುವ ಅಗ್ಗದ ಸೆನ್ಸರ್‌ಗಳು. ಮೊದಲ ಗುರಿ, ಮಣ್ಣು ಮತ್ತು ತಾಪಮಾನ ಬದಲಾದರೆ ಅವುಗಳ ರೀಡಿಂಗ್ ಎಷ್ಟು ತಪ್ಪುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡುವುದು. ಎರಡನೆಯದು, ಅಲ್ಲಿ ಸಿಕ್ಕ, ರೀಡಿಂಗ್ ಸರಿಪಡಿಸುವ ಸಮೀಕರಣವನ್ನು ಒಂದು ಬೆಳೆಯ ಅವಧಿಯಲ್ಲಿ ಹೊಲದಲ್ಲಿ ಪರೀಕ್ಷಿಸುವುದು. ಸಮಿತಿ ಮುಂದೆ ಹತ್ತು ನಿಮಿಷ, ಒಂಬತ್ತು ಸ್ಲೈಡ್.

ತೊಂದರೆ ಇರುವುದು ಚಿತ್ರದಲ್ಲಿ ಎಂದುಕೊಂಡಿದ್ದೆ. ಯಾವ ಕೆಲಸ ಯಾವಾಗ ಎಂದು ಅಡ್ಡ ಪಟ್ಟಿಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟ್‌ನಲ್ಲಿ ಹದಿನಾಲ್ಕು ಪಟ್ಟಿಗಳಿದ್ದವು. ಹಿಂದಿನ ಸಾಲಿಂದ ನೋಡಿದರೆ ಇರುವೆ ಸಾಲು. ಬಣ್ಣ ಬದಲಿಸಿದೆ, ಅಕ್ಷರ ದೊಡ್ಡದು ಮಾಡಿದೆ, ತಿಂಗಳುಗಳನ್ನು ಓರೆಯಾಗಿ ಬರೆದೆ. ಪ್ರತಿ ಸಲವೂ ಚೆಂದ ಕಂಡಿತು, ಪ್ರತಿ ಸಲವೂ ಏನೋ ಸರಿ ಇಲ್ಲ ಅನಿಸಿತು.

ರಿಹರ್ಸಲ್‌ನಲ್ಲಿ ಗೆಳೆಯನೊಬ್ಬ ವಿಧಾನದ ಸ್ಲೈಡ್‌ಗೆ ವಾಪಸ್ ಹೋಗು ಅಂದ. "ಅಲ್ಲಪ್ಪ, ಆರರಲ್ಲಿ ಹೇಳಿದ ಇಷ್ಟೆಲ್ಲ ಕೆಲಸ ಏಳರಲ್ಲಿ ನಾಲ್ಕೇ ವಾರದಲ್ಲಿ ಹೆಂಗೆ ಮುಗಿಯುತ್ತೆ? ಲೆಕ್ಕ ಹಾಕಿದ್ದೀಯಾ?"

ಹಾಕಿರಲಿಲ್ಲ. ನಾಲ್ಕು ವಾರ ಅಂತ ಸುಮ್ನೆ ಬರೆದಿದ್ದೆ, ಪಟ್ಟಿಯ ಉದ್ದ ನೋಡೋಕೆ ಚೆನ್ನಾಗಿತ್ತು.

ಕೂತು ಲೆಕ್ಕ ಹಾಕಿದೆವು. ಮೂರು ಬಗೆ ಮಣ್ಣು, ಆರು ತೇವದ ಮಟ್ಟ, ಪ್ರತಿಯೊಂದಕ್ಕೂ ಮೂರು ಪೆಟ್ಟಿಗೆ. ಒಟ್ಟು 54 ಪೆಟ್ಟಿಗೆ. ತಾಪಮಾನ ಹಿಡಿದಿಡುವ ಚೇಂಬರ್‌ನಲ್ಲಿ ಒಂದು ಸಲಕ್ಕೆ ಆರು ಪೆಟ್ಟಿಗೆ ಹಿಡಿಯುತ್ತವೆ, ಅಂದರೆ ಒಂಬತ್ತು ಸರದಿ. ನಾಲ್ಕು ತಾಪಮಾನ. ಪೆಟ್ಟಿಗೆಯ ಮಧ್ಯದ ಮಣ್ಣು ಚೇಂಬರ್‌ನ ಬಿಸಿಗೆ ಬರಲು ಒಂದೊಂದು ತಾಪಮಾನಕ್ಕೂ ಒಂದು ದಿನ ಇಟ್ಟೆವು. ಮಣ್ಣು ತುಂಬಿ, ಸೆನ್ಸರ್ ಹುಗಿದು, ವೈರ್ ಜೋಡಿಸಲು ಇನ್ನೊಂದು ದಿನ. ಸರದಿಗೆ ಐದು ದಿನ, ಒಟ್ಟು 45 ಕೆಲಸದ ದಿನ. ಒಂಬತ್ತು ವಾರ! ನಿಜವಾದ ತೇವ ಗೊತ್ತಾಗಲು ಮಣ್ಣನ್ನು 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿಸಿ ತೂಕ ನೋಡಬೇಕಲ್ವಾ, ಅದು ಮುಂದಿನ ಸರದಿಯ ಜೊತೆಜೊತೆಗೇ ನಡೆಯುತ್ತದೆ ಎಂದು ಎಣಿಸಲೇ ಇಲ್ಲ.

ಐದು ವಾರ ತಡವಾದರೆ ಏನಂತೆ ಅನ್ನಬಹುದು. ಬಿತ್ತನೆ ಕಾಯುವುದಿಲ್ಲ. ಅದು ತಪ್ಪಿದರೆ ಎರಡನೇ ಗುರಿ ಮುಂದಿನ ವರ್ಷಕ್ಕೆ, ಕೋರ್ಸ್ ಇರುವುದೇ ಎರಡು ವರ್ಷ.

ಹಾಗಾಗಿ ಕತ್ತರಿ ಹಾಕಬೇಕಾದದ್ದು ವಿಧಾನಕ್ಕೆ. ಮೂರು ಪೆಟ್ಟಿಗೆಯನ್ನು ಎರಡು ಮಾಡೋಣ ಅನ್ನಿಸಿತು, ಮಾಡಲಿಲ್ಲ. ಅಗ್ಗದ ಸೆನ್ಸರ್‌ಗಳು ಒಂದರಂತೆ ಇನ್ನೊಂದಿರುವುದಿಲ್ಲ. ವ್ಯತ್ಯಾಸ ಮಣ್ಣಿನದೋ ಸೆನ್ಸರ್‌ನದೋ ಹೇಳಲು ಮೂರಾದರೂ ಬೇಕು. (ತರಿಸಿದ 20ರಲ್ಲಿ ನಾಲ್ಕು ಸುಮ್ಮನೆ ಕೂತಿದ್ದವು. ಬಿಚ್ಚಿ ನೋಡಿದರೆ ಒಳಗೆ ಹಳೇ ಮಾದರಿಯ 555 ಟೈಮರ್ ಚಿಪ್. ಅದಕ್ಕೆ 4.5 ವೋಲ್ಟ್ ಆದರೂ ಬೇಕು, ನನ್ನ ಬೋರ್ಡ್ ಕೊಡುವುದು 3.3. ಮಾರಿದವರ ಉತ್ತರ: "ನಮ್ಮಲ್ಲಿ ಟೆಸ್ಟ್ ಆಗಿದೆ ಸರ್." ಯಾವ ವೋಲ್ಟೇಜಿನಲ್ಲಿ ಅಂತ ಕೇಳಿದ ಮೇಲೆ ಉತ್ತರವೇ ಇಲ್ಲ.)

ತಾಪಮಾನ ನಾಲ್ಕರಿಂದ ಮೂರಕ್ಕೆ ಇಳಿಯಿತು. ಎರಡೇ ಇಟ್ಟರೆ ಗೆರೆ ನೇರವಾಗಿಯೇ ಬರುತ್ತದೆ, ಬಾಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ತೇವದ ಮಟ್ಟ ಐದು. ಮಣ್ಣು ಎರಡೇ, ಮರಳು ಮತ್ತು ಜೇಡಿ. ಎರಡೂ ತುದಿಗಳಿದ್ದರೆ ಒಂದೇ ಸಮೀಕರಣ ಸಾಕಾ ಎನ್ನುವ ಪ್ರಶ್ನೆಗೆ ಪೆಟ್ಟು ಬೀಳುವುದಿಲ್ಲ. ಈಗ 30 ಪೆಟ್ಟಿಗೆ, ಐದು ಸರದಿ, ಸರದಿಗೆ ನಾಲ್ಕು ದಿನ. ಸರಿಯಾಗಿ ನಾಲ್ಕು ವಾರ! ಕೆಟ್ಟುಹೋಗುವುದಕ್ಕೆ ಅಂತ ಎರಡು ವಾರ ಸೇರಿಸಿದೆ.

ಇದರ ಪರಿಣಾಮ ಮೂರನೇ ಸ್ಲೈಡ್‌ಗೂ ತಟ್ಟಿತು. "ಎಲ್ಲ ಬಗೆಯ ಮಣ್ಣಿಗೆ" ಎಂದಿದ್ದ ಗುರಿ "ಮರಳು ಮತ್ತು ಜೇಡಿ ಮಣ್ಣಿಗೆ" ಆಯಿತು. ಹದಿನಾಲ್ಕು ಪಟ್ಟಿ ಐದಾದವು, ಅಡ್ಡಲಾಗಿ ಬಿತ್ತನೆಯ ದಿನಕ್ಕೆ ಒಂದೇ ಕೆಂಪು ಗೆರೆ. ಆ ಗೆರೆ ಬಂದ ಮೇಲೆ ಸ್ಲೈಡ್‌ಗೆ ಮಾತಿನ ವಿವರಣೆ ಬೇಕಾಗಲಿಲ್ಲ.

ಸತ್ತ ನಾಲ್ಕು ಸೆನ್ಸರ್‌ಗಳಿಂದ 555 ಚಿಪ್ ಕಿತ್ತಿಟ್ಟಿದ್ದೇನೆ. 5 ವೋಲ್ಟ್ ಕೊಟ್ಟು ಒಂದು ಟೈಮರ್ ಮಾಡಬೇಕು: ಒಂಬತ್ತನೇ ನಿಮಿಷಕ್ಕೆ ಎದುರಿಗೆ ಕೆಂಪು ದೀಪ. 555ನಲ್ಲಿ ಅಷ್ಟು ಉದ್ದದ ಕಾಲ ನಿಖರವಾಗಿ ಹಿಡಿಯುವುದು ಕಷ್ಟ, ಕೆಪಾಸಿಟರ್ ಸೋರಿಕೆಯೇ ಆಟ ಆಡಿಸುತ್ತದೆ. ಆದ್ದರಿಂದ ಚಿಕ್ಕ ಮಿಡಿತ ಕೊಟ್ಟು, ಎಣಿಸುವ ಚಿಪ್ ಜೋಡಿಸುವ ಯೋಚನೆ. ಸಮಿತಿ ಮುಂದೆ ನಿಲ್ಲಲು ಹನ್ನೆರಡು ದಿನ ಇದೆ. ನಿನ್ನೆ ಓದಿದಾಗ ಹನ್ನೊಂದು ನಿಮಿಷ ನಲವತ್ತು ಸೆಕೆಂಡ್ ಆಯಿತು, ಅದರಲ್ಲಿ ಎರಡು ನಿಮಿಷ ಸ್ಲೈಡ್ 2ರ ಹಿನ್ನೆಲೆಗೇ ಹೋಯಿತು. ಮುಂದಿನ ಕತ್ತರಿ ಅಲ್ಲಿಗೆ.