ಐದು ಗಂಟೆಯ ಬ್ಯಾಟರಿ ಒಂದೂ ಮುಕ್ಕಾಲಿಗೆ ಮುಗಿದ ರಾತ್ರಿ

ಅಪ್ಪಯ್ಯನಿಗೆ ಶ್ವಾಸಕೋಶದ ತೊಂದರೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಡಾಕ್ಟರು ಹೇಳಿದ್ದರು, ಮಲಗುವಾಗಲೂ ಎದ್ದಿರುವಾಗಲೂ ನಿಮಿಷಕ್ಕೆ ಎರಡು ಲೀಟರ್ ಆಕ್ಸಿಜನ್ ಬೇಕು ಎಂದು. ಹಾಗೆ ಕೋಣೆಯ ಗಾಳಿಯಿಂದಲೇ ನಿಮಿಷಕ್ಕೆ ಐದು ಲೀಟರ್‌ವರೆಗೆ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಮೆಷಿನ್ ಒಂದು ಮನೆಗೆ ಬಂತು. ನಮ್ಮದು ಬ್ರಹ್ಮಾವರದಿಂದ ಸ್ವಲ್ಪ ಒಳಗೆ, ತೋಟದ ನಡುವಿನ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ತೆಂಗಿನ ಮಡಲು ಬೀಳದ ವಾರವೇ ಇಲ್ಲ. ಹಾಗಾಗಿ ಕರೆಂಟಿನ ಲೆಕ್ಕವನ್ನು ನಾನು ಮೊದಲೇ ಹಾಕಿಟ್ಟಿದ್ದೆ.

ಲೆಕ್ಕ ಸುಲಭದ್ದೇ. ಮೆಷಿನ್ನಿನ ಹಿಂದಿನ ಚೀಟಿಯಲ್ಲಿ 350 ವ್ಯಾಟ್ ಎಂದಿತ್ತು. ಇನ್ವರ್ಟರಿಗೆ 12 ವೋಲ್ಟಿನ, 150 ಆಂಪಿಯರ್ ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ. ಹನ್ನೆರಡನ್ನು ನೂರೈವತ್ತರಿಂದ ಗುಣಿಸಿದರೆ 1800. ಅದನ್ನು 350ರಿಂದ ಭಾಗಿಸಿದರೆ ಐದು ಗಂಟೆಗೂ ಸ್ವಲ್ಪ ಜಾಸ್ತಿ. "ಐದು ಗಂಟೆ ಧೈರ್ಯವಾಗಿರಬಹುದು ಅಮ್ಮ" ಎಂದಿದ್ದೆ.

ಜುಲೈಯ ಒಂದು ಗಾಳಿಮಳೆಯ ರಾತ್ರಿ 9.20ಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ತಕ್ಷಣ ಎತ್ತಿಕೊಂಡಿತು, ಕಾನ್ಸಂಟ್ರೇಟರ್ ಒಮ್ಮೆ ಗುಟುರು ಹಾಕಿ ಮುಂದುವರಿಯಿತು. ನಾವು ಊಟ ಮುಗಿಸಿ, ಫ್ಯಾನ್ ಹಾಕಿಕೊಂಡು ಕೂತೆವು. 11 ದಾಟಿದ ಮೇಲೆ ಇನ್ವರ್ಟರ್ ಕೀಂಕೀಂ ಎನ್ನತೊಡಗಿತು. ಓವರ್‌ಲೋಡ್ ಆಗಿರಬೇಕು ಎಂದುಕೊಂಡು ಎದ್ದು ಹೋದೆ. ಹತ್ತಿರ ಹೋಗಿ ನೋಡಿದರೆ ಉರಿಯುತ್ತಿದ್ದದ್ದು ಲೋ ಬ್ಯಾಟರಿ ದೀಪ. ನಾನಿನ್ನೂ ನಂಬದೆ ನಿಂತಿದ್ದಾಗಲೇ ಎಲ್ಲ ಆಫ್ ಆಯಿತು. ಗಂಟೆ 11.05.

ಕಾನ್ಸಂಟ್ರೇಟರಿನಲ್ಲಿ ಕೂಡಿಟ್ಟ ಆಕ್ಸಿಜನ್ ಅಂತ ಇರುವುದಿಲ್ಲ. ಕಂಪ್ರೆಸರ್ ಕೋಣೆಯ ಗಾಳಿ ಎಳೆದು, ನೈಟ್ರೋಜನ್ನನ್ನು ಹಿಡಿದಿಟ್ಟು, ಉಳಿದದ್ದನ್ನು ಆಗಿಂದಾಗಲೇ ಕೊಡುತ್ತದೆ. ನಿಂತರೆ ನಿಂತೇ ಹೋಯಿತು. ಸ್ಟೋರ್ ರೂಮಿನಿಂದ ಸಣ್ಣ ಸಿಲಿಂಡರ್ ಎಳೆದು ತಂದೆ. ಅದನ್ನು ತರಿಸಿಟ್ಟದ್ದು ನಾನಲ್ಲ, ಆಸ್ಪತ್ರೆಯ ನರ್ಸಮ್ಮನ ಒತ್ತಾಯ. ರೆಗ್ಯುಲೇಟರ್ ಅವರೇ ಕೂರಿಸಿ ತೋರಿಸಿದ್ದರು. ಕೈಗೆ ಎಣ್ಣೆ ಇದ್ದರೆ ಮುಟ್ಟಲೇಬೇಡಿ ಎಂದೂ ಹೇಳಿದ್ದರು, ಒತ್ತಡದ ಆಕ್ಸಿಜನ್ ಇರುವಲ್ಲಿ ಎಣ್ಣೆ ತಾಗಿದರೆ ಬೆಂಕಿ ಹತ್ತಬಹುದಂತೆ. ಅಮ್ಮ ಆಗಷ್ಟೇ ಅಪ್ಪಯ್ಯನ ಕಾಲಿಗೆ ತೆಂಗಿನೆಣ್ಣೆ ತಿಕ್ಕಿದ್ದರು, ಹಾಗಾಗಿ ಅವರನ್ನು ದೂರ ನಿಲ್ಲಿಸಿ ಟಾರ್ಚ್ ಹಿಡಿಸಿದೆ. ಟ್ಯೂಬ್ ಬದಲಿಸಿ ಫ್ಲೋ ಎರಡಕ್ಕೆ ತರುವಷ್ಟರಲ್ಲಿ ಬೆರಳಿನ ಆಕ್ಸಿಮೀಟರ್ 93ರಿಂದ 86ಕ್ಕೆ ಇಳಿದಿತ್ತು. ಮೆಲ್ಲ ಮೇಲೆ ಬಂತು.

ಕರೆಂಟು ಬಂದದ್ದು ಬೆಳಗಿನ 4.40ಕ್ಕೆ.

ಮರುದಿನ ನಮ್ಮ ಎಲೆಕ್ಟ್ರಿಷಿಯನ್ ಬಂದರು. ನನ್ನ ಐದು ಗಂಟೆಯ ಲೆಕ್ಕ ಕೇಳಿ ನಕ್ಕರು. "ಎಂತ ಮಾರಾಯ್ರೆ, ಬ್ಯಾಟರಿ ಮೇಲೆ ಬರೆದದ್ದನ್ನು ಪೂರ್ತಿ ಓದಿದಿರಾ?" ಎಂದರು. 150ರ ಪಕ್ಕದಲ್ಲೇ ಸಣ್ಣಕ್ಕೆ C20 ಎಂದಿತ್ತು. ಇಪ್ಪತ್ತು ಗಂಟೆಯ ಉದ್ದಕ್ಕೆ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರ್‌ನಂತೆ ಎಳೆದರೆ ಮಾತ್ರ 150 ಸಿಗುತ್ತದೆ ಎಂದು ಅದರ ಅರ್ಥ. ಜೋರಾಗಿ ಎಳೆದಷ್ಟೂ ಕೈಗೆ ಸಿಗುವುದು ಕಮ್ಮಿ.

ನಾವೆಷ್ಟು ಎಳೆದಿದ್ದೆವು? ಅದನ್ನು ಅಳೆಯಲು ಅವರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಅಪ್ಪಯ್ಯನನ್ನು ಸ್ವಲ್ಪ ಹೊತ್ತು ಸಿಲಿಂಡರಿಗೆ ಹಾಕಿ, ಇನ್ವರ್ಟರನ್ನು ಬದಿಗಿಟ್ಟು ಮೆಷಿನ್ನನ್ನು ನೇರ ಲೈನಿಗೆ ಕೊಟ್ಟರು. ಮನೆಯ ಉಳಿದದ್ದೆಲ್ಲ ಬಂದ್. ನಮ್ಮ ಕರೆಂಟ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪದ ಪಕ್ಕ `3200 imp/kWh` ಎಂದಿದೆ. ಅಂದರೆ ಒಂದು ಯೂನಿಟಿಗೆ 3200 ಮಿನುಗು. ನಿಮಿಷಕ್ಕೆ 17 ಸಲ ಮಿನುಗಿತು, ಗಂಟೆಗೆ 1020. ಅದನ್ನು 3200ರಿಂದ ಭಾಗಿಸಿದರೆ 320 ವ್ಯಾಟ್ ಆಸುಪಾಸು. ಚೀಟಿಯಲ್ಲಿ ಬರೆದದ್ದಕ್ಕೆ ಹತ್ತಿರವೇ.

ಪಕ್ಕದ ಮನೆಯ ಮಾವ ಆಗ ಒಂದು ಸಲಹೆ ಕೊಟ್ಟರು, ಕರೆಂಟು ಹೋದಾಗ ಎರಡರ ಬದಲು ಒಂದು ಲೀಟರಿಗೆ ಇಳಿಸಿದರೆ ಬ್ಯಾಟರಿ ಉಳಿಯುತ್ತದಲ್ವಾ ಎಂದು. ಟ್ಯೂಬ್ ಹೇಗೂ ಅಪ್ಪಯ್ಯನಿಗೆ ಹಾಕಿರಲಿಲ್ಲ, ಗುಂಡಿ ತಿರುಗಿಸಿ ನೋಡಿದೆವು. ಮತ್ತೆ ಅದೇ 17. ನಮ್ಮ ಮೆಷಿನ್ನಿನ ಕಂಪ್ರೆಸರ್ ಯಾವ ಫ್ಲೋಗೂ ಒಂದೇ ವೇಗದಲ್ಲಿ ಓಡುತ್ತದೆ. ಫ್ಲೋ ಇಳಿಸಿದರೆ ನಷ್ಟ ಅಪ್ಪಯ್ಯನಿಗೆ ಮಾತ್ರ, ಬ್ಯಾಟರಿಗೆ ಲಾಭ ಏನೂ ಇಲ್ಲ.

ಆಮೇಲೆ ಆ ರಾತ್ರಿಯ ಲೆಕ್ಕ ಬಿಡಿಸಿದೆವು. ಮೆಷಿನ್ 320. ಹಳೇ ಸೀಲಿಂಗ್ ಫ್ಯಾನ್ 75, ಎರಡು ದೀಪ ಮತ್ತು ವೈಫೈ ಸೇರಿ 30. ಒಟ್ಟು 425. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ, ಹಾಗಾಗಿ ಬ್ಯಾಟರಿಯಿಂದ ಹೋಗುವುದು ಸುಮಾರು 500. ಹನ್ನೆರಡು ವೋಲ್ಟಿನಲ್ಲಿ ಅದು 42 ಆಂಪಿಯರ್. ಅಷ್ಟು ಜೋರಾಗಿ ಎಳೆದರೆ ಹೊಸ ಬ್ಯಾಟರಿಯಲ್ಲೂ ನೂರರ ಹತ್ತಿರ ಸಿಕ್ಕಿದರೆ ದೊಡ್ಡದು. ನಮ್ಮದಕ್ಕೆ ಮೂರೂವರೆ ವರ್ಷ. ಮುಚ್ಚಳ ತೆಗೆದರೆ ಎರಡು ಸೆಲ್‌ಗಳಲ್ಲಿ ನೀರು ಪ್ಲೇಟಿಗಿಂತ ಕೆಳಗೆ. ನನ್ನದೇ ಉದಾಸೀನ, ಬೇರೆ ಯಾರನ್ನು ದೂರಲಿ? ಒಂದೂ ಮುಕ್ಕಾಲು ಗಂಟೆಗೆ 42ರಂತೆ 73. 150ರ ಬ್ಯಾಟರಿ ಆ ರಾತ್ರಿ ಕೊಟ್ಟದ್ದು ಅರ್ಧಕ್ಕೂ ಕಮ್ಮಿ.

ಇನ್ನೊಂದು ಪೆಟ್ಟು ಅದೇ ಸಂಜೆ ಬಿತ್ತು. ಆರೂವರೆಗೆ ಪುನಃ ಕರೆಂಟು ಹೋಯಿತು. ಬೆಳಿಗ್ಗೆಯಿಂದ ಲೈನ್ ಬಂದು ಹೋಗಿ ಆಡುತ್ತಿತ್ತು, ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಖಾಲಿಯಾದದ್ದು ತುಂಬಲು ನಮ್ಮ ಇನ್ವರ್ಟರಿಗೆ ಹತ್ತು ಗಂಟೆಯಾದರೂ ಬೇಕು. ಈ ಸಲ 50 ನಿಮಿಷಕ್ಕೇ ಕೀಂಕೀಂ.

ಸಿಲಿಂಡರಿನ ಲೆಕ್ಕ ಮಾತ್ರ ಸುಳ್ಳಾಗಲಿಲ್ಲ. ಅದು ಬಿ ಟೈಪ್, ತುಂಬಿದಾಗ ಒಳಗೆ ಸುಮಾರು 1500 ಲೀಟರ್. ನಿಮಿಷಕ್ಕೆ ಎರಡರಂತೆ ಹನ್ನೆರಡು ಗಂಟೆ. ಮೊದಲ ರಾತ್ರಿ ಐದೂವರೆ ಗಂಟೆ ಓಡಿ ಒತ್ತಡ ತೋರಿಸುವ ಮುಳ್ಳು 140ರಿಂದ 80ರ ಆಸುಪಾಸಿಗೆ ಇಳಿದಿತ್ತು, ಗುಣಿಸಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ. ಆ ಮುಳ್ಳು ನೋಡಿ ಎಷ್ಟು ಹೊತ್ತು ಉಳಿದಿದೆ ಎಂದು ಹೇಳಬಹುದು. ಇನ್ವರ್ಟರಿನ ನಾಲ್ಕು ಹಸಿರು ಗೆರೆ ನೋಡಿ ಹೇಳಲು ಆಗುವುದಿಲ್ಲ. ನಮ್ಮಲ್ಲಿ ನಾಲ್ಕರಿಂದ ಒಂದಕ್ಕೆ ಬಂದದ್ದೇ ಗೊತ್ತಾಗಿರಲಿಲ್ಲ.

ಎರಡು ಬ್ಯಾಟರಿಯ 24 ವೋಲ್ಟಿನ ಇನ್ವರ್ಟರ್ ವಿಚಾರಿಸಿದೆ. ಅದೇ ಮೆಷಿನ್ನಿಗೆ ಆಂಪಿಯರ್ ಅರ್ಧವಾಗುತ್ತದೆ, ಹಾಗಾಗಿ ಸಿಗುವ ಹೊತ್ತು ಬರೀ ದುಪ್ಪಟ್ಟಲ್ಲ, ಅದಕ್ಕೂ ಜಾಸ್ತಿ. ಹೊಸತರಲ್ಲಿ ಏಳು ಗಂಟೆಯ ಹತ್ತಿರ ಬರುತ್ತದೆ ಎಂದರು ಎಲೆಕ್ಟ್ರಿಷಿಯನ್. ಹಳೇ ಬ್ಯಾಟರಿಗೆ ಹೊಸತನ್ನು ಜೋಡಿಸಿ ದುಡ್ಡು ಉಳಿಸೋಣವೆಂದರೆ ಒಪ್ಪಲಿಲ್ಲ, ಹಳೆಯದು ಮೊದಲು ಕೈಕೊಟ್ಟು ಹೊಸತನ್ನೂ ಹಾಳು ಮಾಡುತ್ತದಂತೆ. ಆ ದುಡ್ಡು ಈ ವರ್ಷ ಇರಲಿಲ್ಲ. ಎರಡನೇ ಸಿಲಿಂಡರ್ ಬಾಡಿಗೆಗೆ ತಂದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಕರೆಂಟು ಹೋದರೆ ಮೆಷಿನ್ ಮತ್ತು ಒಂದು ದೀಪ ಬಿಟ್ಟು ಬೇರೆ ಏನೂ ಓಡದಂತೆ ವೈರಿಂಗ್ ಬದಲಿಸಿದೆವು.

ಆಮೇಲೆ ಒಂದು ಭಾನುವಾರ ಹಗಲಿನಲ್ಲೇ, ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು, ಬೇಕೆಂದೇ ಮೇನ್ ಸ್ವಿಚ್ ಇಳಿಸಿದೆ. ಎರಡು ಗಂಟೆ 25 ನಿಮಿಷಕ್ಕೆ ಕೀಂಕೀಂ ಬಂತು. ಆ ಸಂಖ್ಯೆಯನ್ನು ಸ್ಕೆಚ್ ಪೆನ್ನಿನಲ್ಲಿ ಇನ್ವರ್ಟರಿನ ಮೇಲೆ ಬರೆದಿದ್ದೇನೆ, ತಾರೀಕಿನ ಸಮೇತ. ಮೂರು ತಿಂಗಳಿಗೊಮ್ಮೆ ಹೀಗೆ ನೋಡಿ ತಿದ್ದಬೇಕು. ಈಗ ಕರೆಂಟು ಹೋದ ಕೂಡಲೇ ಅಮ್ಮ ಗಡಿಯಾರ ನೋಡಿ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗೀಚುತ್ತಾರೆ. ಎರಡು ಗಂಟೆ ಆಗುತ್ತಿದ್ದಂತೆ, ಕೀಂಕೀಂಗೆ ಕಾಯದೆ, ಅಪ್ಪಯ್ಯನೇ ಹೇಳುತ್ತಾರೆ: "ಇನ್ನು ಸಿಲಿಂಡರ್ ಹಾಕು ಮಾರಾಯ. ಎಣ್ಣೆ ಕೈ ಅಲ್ಲ ಅಲ್ಲ?"